ಐವತ್ತು ಕೆಜಿಗೆ ಒಂದು ಬ್ರಾಕೆಟ್

ಹಾರ್ಡ್‌ವೇರ್ ಅಂಗಡಿಯಲ್ಲಿ ‘50×6 ಎಂಎಸ್ ಫ್ಲಾಟ್’ ಎಂದು ಕೇಳಿದರೆ ಐವತ್ತು ಮಿಲಿಮೀಟರ್ ಅಗಲ, ಆರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಕೊಡುತ್ತಾರೆ. ಅದರಲ್ಲಿ ಗೇಣುದ್ದದ ತುಂಡು ಕತ್ತರಿಸಿ, ಎಲ್ ಆಕಾರಕ್ಕೆ ಬಗ್ಗಿಸಿ, ಗೋಡೆಗೆ ಆತುಕೊಳ್ಳುವ ಕಾಲಿಗೆ ಎರಡು ತೂತು ಕೊರೆದರೆ ಬ್ರಾಕೆಟ್ ಸಿದ್ಧ. ಮುಂದಕ್ಕೆ ಚಾಚಿದ ತೋಳಿನ ಮೇಲೆ ಐವತ್ತು ಕೆಜಿ ಇಟ್ಟರೆ ತಡೆದೀತೇ? ಫ್ಯಾಬ್ರಿಕೇಶನ್ ಅಂಗಡಿಯ ಹಳಬರು ಪಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ ಉತ್ತರ ಹೇಳುತ್ತಾರೆ, ಬಹಳ ಸಲ ಸರಿಯಾಗಿಯೇ ಹೇಳುತ್ತಾರೆ. ಇಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳುತ್ತಾರೆ. ಬ್ರಾಕೆಟ್ಟಿನ ಚಿತ್ರ ಬಿಡಿಸಿ, ಎಲ್ಲಿ ಹಿಡಿದಿದೆ, ಎಲ್ಲಿ ಭಾರ ಬಿದ್ದಿದೆ ಎಂದು ತಿಳಿಸಿ ಬಟನ್ ಒತ್ತಿದರೆ ನೀಲಿ, ಹಸಿರು, ಕೆಂಪು ಬಣ್ಣದ ಚಿತ್ರವೊಂದು ಮೂಡುತ್ತದೆ. ತೊಂದರೆ ಏನೆಂದರೆ, ಕೊಟ್ಟ ಮಾಹಿತಿ ತಪ್ಪಿದ್ದರೂ ಚಿತ್ರ ಅಷ್ಟೇ ಚೆನ್ನಾಗಿ ಮೂಡುತ್ತದೆ.

ಈ ಲೆಕ್ಕದ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂದು ಹೆಸರು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳ ಬಿಗಿತ ಲೆಕ್ಕ ಹಾಕಲು ಇದನ್ನು ಬಳಸಿ ಬರೆದ ಪ್ರಬಂಧದಿಂದ ಅದು ಎಂಜಿನಿಯರುಗಳ ಕೈಗೆ ಬಂತು. ಹೆಸರಿಟ್ಟವರು ಅವರಲ್ಲೊಬ್ಬರಾದ ಕ್ಲಫ್, 1960ರಲ್ಲಿ. ವಸ್ತುವನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಒಡೆದು, ತುಂಡುಗಳು ಸೇರುವ ಬಿಂದುಗಳು ಭಾರಕ್ಕೆ ಎಷ್ಟೆಷ್ಟು ಸರಿಯುತ್ತವೆ ಎಂದು ಸಮೀಕರಣಗಳಿಂದ ಕಂಡುಹಿಡಿಯುವುದು ಇದರ ತಿರುಳು. ಆ ಸರಿತದಿಂದ ಹಿಗ್ಗು-ಕುಗ್ಗು, ಅದರಿಂದ ಒತ್ತಡ, ಅಂದರೆ ಸ್ಟ್ರೆಸ್. ಸರಿತ ಮೊದಲು, ಸ್ಟ್ರೆಸ್ ಆಮೇಲೆ ಎಂಬ ಈ ಕ್ರಮ ನೆನಪಿರಲಿ, ಮೆಶ್ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ. ಉಚಿತವಾಗಿ ಸಿಗುವ ಫ್ರೀಕ್ಯಾಡ್ ತಂತ್ರಾಂಶ ಕ್ಯಾಲ್ಕ್ಯುಲಿಕ್ಸ್ ಎಂಬ ಲೆಕ್ಕದ ಯಂತ್ರವನ್ನು ಜೋಡಿಸಿಕೊಂಡು ಇದೇ ಕೆಲಸ ಮಾಡುತ್ತದೆ, ಕಂಪನಿಗಳಲ್ಲಿ ಬಳಸುವ ಸಾಲಿಡ್‌ವರ್ಕ್ಸ್ ಸಿಮ್ಯುಲೇಶನ್ ಕೂಡ ಅಷ್ಟೇ. ಬ್ರಾಕೆಟ್ಟಿನಂಥ ಸಣ್ಣ ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ.

ಆದರೆ ಕಂಪ್ಯೂಟರ್ ತೆರೆಯುವ ಮುನ್ನ ಒಂದು ಕಾಗದ, ಒಂದು ಪೆನ್ನು ಬೇಕು.

ನಮ್ಮ ಬ್ರಾಕೆಟ್ಟಿನ ಅಳತೆ ಹೀಗಿದೆ ಎಂದುಕೊಳ್ಳೋಣ. ಪಟ್ಟಿ 50×6. ಒಳಗಿನ ಬಾಗು ಆರು ಮಿಲಿಮೀಟರ್ ತ್ರಿಜ್ಯದ್ದು. ಬಾಗು ಮುಗಿದು ತೋಳು ನೇರವಾದ ಜಾಗದಿಂದ ಭಾರದ ಮಧ್ಯಕ್ಕೆ 100 ಮಿಲಿಮೀಟರ್. ಕಾಲು ತೋಳಿನಿಂದ ಮೇಲಕ್ಕೆ ನಿಂತಿದೆ. ಗೋಡೆಗೆ ಆತುಕೊಳ್ಳುವ ಚಪ್ಪಟೆ ಭಾಗ ಶುರುವಾದ ಮೇಲೆ 40 ಮಿಲಿಮೀಟರ್ ಎತ್ತರದಲ್ಲಿ ಎಂ10 ಬೋಲ್ಟಿಗೆ ಅಕ್ಕಪಕ್ಕ ಎರಡು ತೂತು, ತಲಾ 11 ಮಿಲಿಮೀಟರ್. ಐವತ್ತು ಕೆಜಿ ಎಂದರೆ ಸುಮಾರು 490 ನ್ಯೂಟನ್, ಲೆಕ್ಕದ ಸಲೀಸಿಗೆ 500. ತೋಳಿನ ಬುಡದಲ್ಲಿ ಬೀಳುವ ಬಾಗುಬಲ ಮತ್ತು ಅದರ ಸ್ಟ್ರೆಸ್:

```
M = 500 × 100 = 50,000 N·mm
σ = 6M / (b·t²) = 6 × 50,000 / (50 × 6²) ≈ 167 MPa
```

ಒಂದು ಮೆಗಾಪಾಸ್ಕಲ್ ಎಂದರೆ ಒಂದು ಚದರ ಮಿಲಿಮೀಟರ್ ಮೇಲೆ ಒಂದು ನ್ಯೂಟನ್. ಭಾರತೀಯ ಮಾನಕ ಐಎಸ್ 2062ರ ಇ250 ದರ್ಜೆಯ ಉಕ್ಕು ಈ ದಪ್ಪದಲ್ಲಿ ಕನಿಷ್ಠ 250 ಮೆಗಾಪಾಸ್ಕಲ್‌ವರೆಗೆ ಬಗ್ಗಿದರೂ ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಅದನ್ನು ದಾಟಿದರೆ ಸೊಟ್ಟಗಾಗಿಯೇ ಉಳಿಯುತ್ತದೆ. 167 ಆ ಮಿತಿಯೊಳಗಿದೆ. ಈ ಎರಡು ಸಾಲಿನ ಲೆಕ್ಕ ಹಾಕಿಕೊಂಡವರಿಗೆ ಕಂಪ್ಯೂಟರ್ 17 ಅಂದರೂ ಗೊತ್ತಾಗುತ್ತದೆ, 1,700 ಅಂದರೂ ಗೊತ್ತಾಗುತ್ತದೆ. ಎರಡನ್ನೂ ಅದು ಹೇಳುವುದುಂಟು: ‘ಐವತ್ತು ಕೆಜಿ ಲೋಡ್’ ಎಂಬ ಮಾತನ್ನು ಹಾಗೇ ಎತ್ತಿಕೊಂಡು ನ್ಯೂಟನ್ ಕೇಳುವ ಚೌಕದಲ್ಲಿ 50 ಎಂದು ತುಂಬಿದರೆ ಉತ್ತರ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೊಸಬರ ಮೊದಲ ತಪ್ಪುಗಳಲ್ಲಿ ಇದು ಅತಿ ಸಾಮಾನ್ಯವಾದದ್ದು. ಬ್ರಾಕೆಟ್ ಭದ್ರ ಎಂದೇ ತೋರಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನು ಹಿಡಿತದ ವಿಷಯ. ತಂತ್ರಾಂಶದ ಭಾಷೆಯಲ್ಲಿ ಇದು ಫಿಕ್ಸ್ಚರ್. ಮೂರರಲ್ಲಿ ಹೆಚ್ಚು ಯೋಚನೆ ಬೇಡುವುದೂ, ಹೊಸಬರು ಅತಿ ಕಡಿಮೆ ಯೋಚಿಸುವುದೂ ಇದನ್ನೇ. ಹಿಡಿತವನ್ನೇ ಕೊಡದಿದ್ದರೆ ಬ್ರಾಕೆಟ್ ಗಾಳಿಯಲ್ಲಿ ತೇಲುತ್ತಿರುತ್ತದೆ, ತಳ್ಳಿದರೆ ಹೋಗುತ್ತಲೇ ಇರುತ್ತದೆ. ಆಗ ಲೆಕ್ಕ ಮುಗಿಯದೆ ದೋಷ ಬರುತ್ತದೆ, ಇಲ್ಲವೇ ಕಿಲೋಮೀಟರುಗಟ್ಟಲೆ ಸರಿತ ತೋರಿಸುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಆದ್ದರಿಂದ ಅಪಾಯವಿಲ್ಲದ್ದು. ಅಪಾಯ ಇರುವುದು ಸರಿಯೆಂದು ಕಾಣುವ ಹಿಡಿತದಲ್ಲಿ.

ಬ್ರಾಕೆಟ್ ಗೋಡೆಗೆ ಆತುಕೊಂಡಿದೆಯಲ್ಲ ಎಂದು ಹೆಚ್ಚಿನವರು ಕಾಲಿನ ಹಿಂಬದಿಯ ಇಡೀ ಮುಖವನ್ನು ಆರಿಸಿ ‘ಸ್ಥಿರ’ ಎಂದು ಗುರುತಿಸುತ್ತಾರೆ. ಸಾಲಿಡ್‌ವರ್ಕ್ಸ್‌ನಲ್ಲಿ ಅದರ ಹೆಸರು `Fixed Geometry`. ಇದರರ್ಥ ಕಾಲನ್ನು ಗೋಡೆಗೆ ಬಲವಾದ ಗೋಂದಿನಿಂದ ಪೂರ್ತಿ ಅಂಟಿಸಿದಂತೆ. ನಿಜದ ಗೋಡೆ ಬ್ರಾಕೆಟ್ಟನ್ನು ಹಿಂದಿನಿಂದ ಒತ್ತಬಲ್ಲದೇ ಹೊರತು ತನ್ನತ್ತ ಎಳೆದು ಹಿಡಿಯಲಾರದು. ತೋಳಿನ ಮೇಲೆ ಭಾರ ಬಿದ್ದಾಗ ಕಾಲಿನ ಬುಡ ಗೋಡೆಯನ್ನು ಒತ್ತುತ್ತದೆ, ಮೇಲ್ಭಾಗ ಗೋಡೆಯಿಂದ ಕಿತ್ತು ಬರಲು ನೋಡುತ್ತದೆ. ಅದನ್ನು ತಡೆಯುವವು ಬೋಲ್ಟುಗಳು ಮಾತ್ರ. ಗೋಂದಿನ ಮಾದರಿಯಲ್ಲಿ ಬೋಲ್ಟುಗಳಿಗೆ ಕೆಲಸವೇ ಇಲ್ಲ. ತೂತುಗಳಿಲ್ಲದಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ.

ಇದನ್ನು ಅರಿತವರು ಕೆಲವೊಮ್ಮೆ ಇನ್ನೊಂದು ತುದಿಗೆ ಹೋಗುತ್ತಾರೆ. ಗೋಡೆಯನ್ನು ಮರೆತು ಎರಡು ತೂತುಗಳ ಒಳಮೈಯನ್ನಷ್ಟೇ ಸ್ಥಿರಗೊಳಿಸುತ್ತಾರೆ. ಈಗ ಬ್ರಾಕೆಟ್ಟಿನ ಬುಡ ಗೋಡೆಯೊಳಗೇ ನುಗ್ಗಬಹುದು, ಏಕೆಂದರೆ ಗೋಡೆ ಇದೆಯೆಂದು ಯಾರೂ ಕಂಪ್ಯೂಟರಿಗೆ ಹೇಳಿಲ್ಲ. ಬಾಗುಬಲವೆಲ್ಲ ಕಡಿಮೆಯಾಗದೆ ತೂತುಗಳ ಸಾಲಿಗೆ ಬರುತ್ತದೆ. ಅಲ್ಲಿ ಐವತ್ತರಲ್ಲಿ 22 ಮಿಲಿಮೀಟರ್ ತೂತಿಗೆ ಹೋಗಿ ಉಳಿದಿರುವುದು 28 ಮಾತ್ರ. ಕೈಲೆಕ್ಕದಲ್ಲೇ ಸ್ಟ್ರೆಸ್ 320 ಮೆಗಾಪಾಸ್ಕಲ್ ದಾಟುತ್ತದೆ, ಪರದೆಯ ಮೇಲೆ ತೂತಿನ ಅಂಚು ಕಡುಗೆಂಪಾಗುತ್ತದೆ. ಹಾಗೆ ನೋಡಿದವರು ಎಂದೂ ಮುರಿಯದ ಜಾಗವನ್ನು ಗಟ್ಟಿ ಮಾಡಲು ಹೊರಡುತ್ತಾರೆ.

ನಿಜಕ್ಕೆ ಹತ್ತಿರದ ಹಿಡಿತ ಇವೆರಡರ ನಡುವಿನದು. ಎಂ10 ವಾಷರಿನ ಹೊರವ್ಯಾಸ 20 ಮಿಲಿಮೀಟರ್. ಪ್ರತಿ ತೂತಿನ ಸುತ್ತ ಅಷ್ಟಗಲದ ಉಂಗುರವನ್ನು ಚಿತ್ರದಲ್ಲಿ ಬೇರೆ ಮುಖವಾಗಿ ಬಿಡಿಸಿಕೊಂಡು ಅದನ್ನು ಸ್ಥಿರಗೊಳಿಸಬೇಕು. ಕಾಲಿನ ಹಿಂಬದಿಯಲ್ಲಿ, ಬುಡದ ಕೆಲವೇ ಮಿಲಿಮೀಟರ್ ಅಗಲದ ಪಟ್ಟೆಗೆ ಗೋಡೆಯತ್ತ ಸರಿಯದಂತೆ ಮಾತ್ರ ತಡೆ ಕೊಡಬೇಕು. ಮೇಲೆ ಕೆಳಗೆ ಜಾರಲು ಬಿಡಬೇಕು. `Roller/Slider` ಇರುವುದು ಇದಕ್ಕೇ. ಇಡೀ ಹಿಂಬದಿಗೆ ರೋಲರ್ ಕೊಟ್ಟರಾಗದೇ ಎಂದರೆ ಆಗದು. ಈ ಸರಳ ರೋಲರಿಗೆ ಒತ್ತುವುದು ಎಳೆಯುವುದು ಎರಡೂ ಗೊತ್ತು, ಮೇಲ್ಭಾಗದಲ್ಲಿ ಅದು ಮತ್ತೆ ಗೋಂದಾಗುತ್ತದೆ. ಹಾಗಾಗಿ ಖಂಡಿತ ಒತ್ತಿಕೊಳ್ಳುವ ಪಟ್ಟೆಗೆ ಮಾತ್ರ ಅದನ್ನು ಸೀಮಿತಗೊಳಿಸಿ, ಲೆಕ್ಕ ಮುಗಿದ ಮೇಲೆ ಆ ಪಟ್ಟೆಯ ಪ್ರತಿಬಲ ನಿಜವಾಗಿಯೂ ಗೋಡೆಯಿಂದ ಹೊರಮುಖವಾಗಿದೆಯೇ ಎಂದು ನೋಡಿಕೊಳ್ಳಬೇಕು. ಒಳಮುಖವಾಗಿದ್ದರೆ ಗೋಡೆ ಎಳೆಯುತ್ತಿದೆ ಎಂದರ್ಥ, ಮಾದರಿ ತಪ್ಪಿದೆ.

ಮೂರು ಹಿಡಿತಗಳ ವ್ಯತ್ಯಾಸ ಎಷ್ಟು? ತೊಲೆಯ ಸೂತ್ರಗಳಿಂದ ಅಂದಾಜಿಸಿದರೆ ಭಾರದ ಜಾಗದಲ್ಲಿ ತೋಳು ಕುಸಿಯುವುದು ಗೋಂದಿನ ಹಿಡಿತದಲ್ಲಿ ಸುಮಾರು 1.4 ಮಿಲಿಮೀಟರ್, ತೂತಷ್ಟೇ ಹಿಡಿದರೆ 2.5, ವಾಷರು ಮತ್ತು ಬುಡ ಹಿಡಿದರೆ 1.6ರಿಂದ 1.8. ತಮಾಷೆಯೆಂದರೆ ಒಳಬಾಗಿನ ಸ್ಟ್ರೆಸ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಅಲ್ಲಿಗೆ ಬರುವ ಬಾಗುಬಲವನ್ನು ನಿರ್ಧರಿಸುವುದು ಭಾರ ಮತ್ತು ದೂರ ಮಾತ್ರ. ಬಾಗನ್ನಷ್ಟೇ ನೋಡುವವರಿಗೆ ಹಿಡಿತದಿಂದ ಏನೂ ವ್ಯತ್ಯಾಸವಿಲ್ಲ ಎನಿಸಬಹುದು. ವ್ಯತ್ಯಾಸ ಬೋಲ್ಟಿನಲ್ಲಿದೆ. ಭಾರ ಗೋಡೆಯಿಂದ 112 ಮಿಲಿಮೀಟರ್ ದೂರ, ಬೋಲ್ಟು ಬುಡದಿಂದ 40 ಮಿಲಿಮೀಟರ್ ಮೇಲೆ. ಸನ್ನೆಕೋಲಿನ ಲೆಕ್ಕದಂತೆ ಎರಡು ಬೋಲ್ಟುಗಳು ಸೇರಿ ಕನಿಷ್ಠ 1,400 ನ್ಯೂಟನ್ ಎಳೆತ ತಡೆಯಬೇಕು, ಇಟ್ಟ ಭಾರದ ಮೂರು ಪಟ್ಟಿಗೆ ಹತ್ತಿರ. ಗೋಂದಿನ ಮಾದರಿ ಈ ಅಂಕಿಯನ್ನು ಹೇಳುವುದೇ ಇಲ್ಲ.

ಭಾರ ಕೊಡುವುದು ಇದಕ್ಕಿಂತ ಸುಲಭ. ತೋಳಿನ ತುದಿಯ ಒಂದು ಗೆರೆಗೋ ಬಿಂದುವಿಗೋ 500 ನ್ಯೂಟನ್ ಹಚ್ಚಿಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಬಿಂದುವಿಗೆ ವಿಸ್ತೀರ್ಣವಿಲ್ಲ, ವಿಸ್ತೀರ್ಣವಿಲ್ಲದ ಕಡೆ ಸ್ಟ್ರೆಸ್ಸಿಗೆ ಮೇಲ್ಮಿತಿಯೂ ಇಲ್ಲ. ವಸ್ತು ನಿಜಕ್ಕೂ ಎಲ್ಲಿ ಕೂರುತ್ತದೋ ಆ ಜಾಗವನ್ನು, ಇಲ್ಲಿ 30 ಮಿಲಿಮೀಟರ್ ಅಗಲದ ಪಟ್ಟೆಯನ್ನು, ಗುರುತಿಸಿ ಅದರ ಮೇಲೆ ಹರಡಬೇಕು. ದಿಕ್ಕಿನ ಬಾಣ ಕೆಳಗೆ ನೋಡುತ್ತಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಬ್ರಾಕೆಟ್ಟಿನ ಸ್ವಂತ ತೂಕ ಅರ್ಧ ಕೆಜಿಯೂ ಇಲ್ಲ, ಬಿಟ್ಟರೆ ನಷ್ಟವಿಲ್ಲ. ಆದರೆ ಆ ಐವತ್ತು ಕೆಜಿಯನ್ನು ಮೆಲ್ಲಗೆ ಇಳಿಸುತ್ತಾರೋ, ಮೇಲಿಟ್ಟು ಥಟ್ಟನೆ ಕೈಬಿಡುತ್ತಾರೋ ಎಂಬುದು ಮುಖ್ಯ. ಎತ್ತರದಿಂದ ಬೀಳಿಸದೆ ಥಟ್ಟನೆ ಬಿಟ್ಟರೂ ಆ ಕ್ಷಣದ ಸ್ಟ್ರೆಸ್ ಎರಡು ಪಟ್ಟಾಗುತ್ತದೆ. ಸ್ಟ್ಯಾಟಿಕ್ ಲೆಕ್ಕ ಮೆಲ್ಲಗೆ ಇಳಿಸಿದ ಭಾರವನ್ನು ಮಾತ್ರ ಬಲ್ಲದು.

ಕೊನೆಯದು ಮೆಶ್, ಅಂದರೆ ತುಂಡುಗಳ ಗಾತ್ರ. ಇಲ್ಲಿ ಸ್ವಲ್ಪ ನಿಲ್ಲಬೇಕು.

ತುಂಡುಗಳು ಸಾಮಾನ್ಯವಾಗಿ ನಾಲ್ಕು ಮುಖದ ಚತುರ್ಮುಖಿಗಳು. ಅವುಗಳಲ್ಲಿ ಎರಡು ಜಾತಿ: ನಾಲ್ಕು ಮೂಲೆಗಳಲ್ಲಿ ಮಾತ್ರ ಬಿಂದುಗಳಿರುವ ಸರಳ ಜಾತಿ, ಅಂಚುಗಳ ಮಧ್ಯದಲ್ಲೂ ಬಿಂದುಗಳಿದ್ದು ಒಟ್ಟು ಹತ್ತಾಗುವ ಇನ್ನೊಂದು ಜಾತಿ. ಸರಳ ಜಾತಿಯ ಅಂಚು ಬಾಗಲಾರದು, ಆದ್ದರಿಂದ ಬಾಗುವ ಪಟ್ಟಿಯನ್ನು ಅದು ಇದ್ದದ್ದಕ್ಕಿಂತ ಬಿಗಿಯಾಗಿ ತೋರಿಸುತ್ತದೆ. ಕುಸಿತವೂ ಸ್ಟ್ರೆಸ್ಸೂ ಕಡಿಮೆ ಬರುತ್ತವೆ. ಸಾಲಿಡ್‌ವರ್ಕ್ಸ್‌ನಲ್ಲಿ ಡ್ರಾಫ್ಟ್ ಗುಣಮಟ್ಟ ಎಂದಿರುವುದು ಇದೇ. ಬ್ರಾಕೆಟ್ಟಿಗೆ ಹತ್ತು ಬಿಂದುವಿನದನ್ನೇ ಬಳಸಬೇಕು, ದಪ್ಪದಲ್ಲಿ ಕನಿಷ್ಠ ಎರಡು ತುಂಡು ಬರುವಂತೆ. ಅಂದರೆ ಆರು ಮಿಲಿಮೀಟರ್ ಪಟ್ಟಿಗೆ ಒಟ್ಟಾರೆ ಗಾತ್ರ ಮೂರು. ಒಳಬಾಗಿನಲ್ಲಿ ಇದೂ ಸಾಲದು: ಆ ಕಾಲುವೃತ್ತದ ಉದ್ದ ಸುಮಾರು 9.4 ಮಿಲಿಮೀಟರ್, ಮೂರರ ಗಾತ್ರದಲ್ಲಿ ಮೂರೇ ತುಂಡು ಹಿಡಿಸುತ್ತವೆ. ಅಲ್ಲಿ ಮಾತ್ರ 1.5ಕ್ಕೆ ಇಳಿಸಿದರೆ ಆರು ಬರುತ್ತವೆ. ಎಲ್ಲ ಕಡೆ ಸಣ್ಣದು ಮಾಡಿಬಿಡೋಣ ಎನ್ನುವವರು ಗಮನಿಸಬೇಕು, ಗಾತ್ರ ಅರ್ಧವಾದರೆ ತುಂಡುಗಳ ಸಂಖ್ಯೆ ಎಂಟು ಪಟ್ಟು.

ಗಾತ್ರ ಸಾಕೇ ಎಂದು ತಿಳಿಯುವ ದಾರಿ ಒಂದೇ: ಸಣ್ಣದು ಮಾಡಿ ಮತ್ತೆ ಓಡಿಸುವುದು. ಮೂರು, ಒಂದೂವರೆ, ಮುಕ್ಕಾಲು ಮಿಲಿಮೀಟರ್ ಎಂದು ಬಾಗಿನಲ್ಲಿ ಇಳಿಸುತ್ತ ಹೋದಾಗ ಕುಸಿತದ ಅಂಕಿ ಬೇಗ ನಿಲ್ಲುತ್ತದೆ, ಸ್ಟ್ರೆಸ್ ತಡವಾಗಿ ನಿಲ್ಲುತ್ತದೆ; ಸರಿತ ಮೊದಲು, ಸ್ಟ್ರೆಸ್ ಆಮೇಲೆ ಎಂದದ್ದು ಇದಕ್ಕೇ. ಕುಸಿತ ನಿಂತಿತೆಂದು ಸ್ಟ್ರೆಸ್ಸನ್ನೂ ನಂಬಬಾರದು. ಎರಡು ಸತತ ಓಟಗಳ ನಡುವೆ ಸ್ಟ್ರೆಸ್ಸಿನ ವ್ಯತ್ಯಾಸ ಶೇ. 5ರೊಳಗೆ ಬಂದರೆ ನಿಲ್ಲಿಸುವುದು ವಾಡಿಕೆ. ನಮ್ಮ ಬ್ರಾಕೆಟ್ಟಿನಲ್ಲಿ ಅದು ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಬಹುದು. ಬಾಗಿದ ತೊಲೆಯ ಹಳೆಯ ಸೂತ್ರದ ಪ್ರಕಾರ ಒಳಬಾಗಿನ ಮೈಯಲ್ಲಿ ಸುಮಾರು 230 ಮೆಗಾಪಾಸ್ಕಲ್. ನೇರ ತೋಳಿನ 167ಕ್ಕಿಂತ ಇದು ಬಹಳ ಹೆಚ್ಚು, 250ರ ಮಿತಿಗೆ ತೀರಾ ಹತ್ತಿರ.

ಸ್ಟ್ರೆಸ್ ಎಂದೂ ನಿಲ್ಲದ ಪ್ರಸಂಗವೂ ಇದೆ. ಬಿಡಿಸುವ ಆತುರದಲ್ಲಿ ಒಳಮೂಲೆಗೆ ಬಾಗು ಕೊಡದೆ ತೊಂಬತ್ತು ಡಿಗ್ರಿಯ ಚೂಪು ಮೂಲೆಯಾಗಿ ಬಿಟ್ಟರೆ, ಮೆಶ್ ಸಣ್ಣದಾದಂತೆಲ್ಲ ಆ ಮೂಲೆಯ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. 1952ರಲ್ಲಿ ವಿಲಿಯಮ್ಸ್ ಎಂಬ ವಿದ್ವಾಂಸರು ಇಂಥ ಮೂಲೆಗಳ ಗಣಿತವನ್ನು ಬಿಡಿಸಿಟ್ಟರು. ಅದರಂತೆ ಗಾತ್ರ ಅರ್ಧವಾದಾಗಲೆಲ್ಲ ಸ್ಟ್ರೆಸ್ ಸುಮಾರು ಶೇ. 37 ಏರಬೇಕು: 200 ಇದ್ದದ್ದು 274, ಆಮೇಲೆ 375, ಆಮೇಲೆ 514. ಇಲ್ಲಿ ‘ಸರಿಯಾದ’ ಮೆಶ್ ಎಂಬುದಿಲ್ಲ, ಏಕೆಂದರೆ ಸಿದ್ಧಾಂತದಲ್ಲೇ ಉತ್ತರ ಅನಂತ. ನಿಜವಾದ ಪಟ್ಟಿ ಬಗ್ಗಿಸಿದಾಗ ಬಾಗು ತಾನಾಗಿ ಬರುತ್ತದೆ, ಅದನ್ನು ಚಿತ್ರದಲ್ಲೂ ಬಿಡಿಸಿದರೆ ಸಮಸ್ಯೆ ಮಾಯ. ಸ್ಥಿರಗೊಳಿಸಿದ ಉಂಗುರದ ಅಂಚಿನಲ್ಲೂ ಇದೇ ಬಗೆಯ ಸುಳ್ಳು ಕೆಂಪು ಚುಕ್ಕೆಗಳು ಕಾಣುತ್ತವೆ. ಮೆಶ್ ಸಣ್ಣದಾದಂತೆ ಏರುತ್ತ ಹೋಗಿ, ಒಂದೆರಡು ತುಂಡುಗಳಾಚೆ ಮಾಯವಾಗುವ ಕೆಂಪು ಎಂದರೆ ಬಹುಪಾಲು ಇದೇ.

ಮೆಶ್ ಒರಟಾದರೆ ಏನಾಗಬಹುದು ಎಂಬುದಕ್ಕೆ ನಾರ್ವೆಯಲ್ಲಿ ದೊಡ್ಡ ನಿದರ್ಶನವಿದೆ. ಸ್ಲೈಪ್ನರ್ ಎ ಎಂಬ ತೈಲ-ಅನಿಲ ವೇದಿಕೆಯ ಕಾಂಕ್ರೀಟ್ ತಳವನ್ನು 1991ರ ಆಗಸ್ಟ್ 23ರಂದು ಸ್ಟಾವಂಗರ್ ಬಳಿಯ ಗಾಂಡ್ಸ್‌ಫಿಯೋರ್ಡಿನಲ್ಲಿ ನೀರಿಗಿಳಿಸುತ್ತಿದ್ದಾಗ ಒಳಗೋಡೆಯೊಂದು ಒಡೆಯಿತು, ಇಡೀ ರಚನೆ ಮುಳುಗಿತು. ಜೀವಹಾನಿ ಆಗಲಿಲ್ಲ, ನಷ್ಟ ಸುಮಾರು 70 ಕೋಟಿ ಡಾಲರ್. ತನಿಖೆಯಲ್ಲಿ ತಿಳಿದದ್ದು: ಕೋಣೆಗಳು ಕೂಡುವ ಜಾಗದಲ್ಲಿ ತುಂಡುಗಳು ಒರಟಾಗಿ, ಸೊಟ್ಟಗೆ ಇದ್ದುದರಿಂದ ಕತ್ತರಿಸುವ ಬಲ ಶೇ. 47ರಷ್ಟು ಕಡಿಮೆ ಅಂದಾಜಾಗಿತ್ತು, ಆ ಅಂದಾಜಿನ ಮೇಲೆಯೇ ಗೋಡೆ ತೆಳುವಾಗಿ, ಕಬ್ಬಿಣ ಕಡಿಮೆಯಾಗಿ ಕಟ್ಟಲ್ಪಟ್ಟಿತ್ತು. ಸೂಕ್ಷ್ಮವಾಗಿ ಮತ್ತೆ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂತು. ಅದು ಒಡೆದಿದ್ದು 65 ಮೀಟರಿನಲ್ಲಿ. ತಂತ್ರಾಂಶದಲ್ಲಿ ದೋಷವಿರಲಿಲ್ಲ.

ಮತ್ತೆ ಬ್ರಾಕೆಟ್ಟಿಗೆ ಬರೋಣ. ಚಿತ್ರ ಮೂಡಿದೆ, ತೋಳು ಮುರಿದೇಹೋದಂತೆ ಜೋತುಬಿದ್ದಿದೆ. ಗಾಬರಿ ಬೇಡ: ಕಣ್ಣಿಗೆ ಕಾಣಲೆಂದು ತಂತ್ರಾಂಶ ಸರಿತವನ್ನು ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಬಣ್ಣವೂ ಹಾಗೆಯೇ. ಕೆಂಪು ಎಂದರೆ ‘ಇಲ್ಲಿ ಅತಿ ಹೆಚ್ಚು’ ಎಂದಷ್ಟೇ, ‘ಇಲ್ಲಿ ಮುರಿಯುತ್ತದೆ’ ಎಂದಲ್ಲ. ಐವತ್ತು ಕೆಜಿ ಬದಲು ಒಂದು ತೆಂಗಿನಕಾಯಿ ಇಟ್ಟರೂ ಬಾಗು ಅಷ್ಟೇ ಕೆಂಪಾಗಿರುತ್ತದೆ. ಬಣ್ಣದ ಪಟ್ಟಿಯ ಮೇಲ್ತುದಿಯನ್ನು 250ಕ್ಕೆ ಕಟ್ಟಿಟ್ಟರೆ ಮಾತ್ರ ಕೆಂಪಿಗೆ ಅರ್ಥ ಬರುತ್ತದೆ. ಬಣ್ಣ ನೋಡುವ ಮೊದಲು ಇನ್ನೆರಡು ನೋಡಬೇಕು: ಹಿಡಿತಗಳ ಪ್ರತಿಬಲಗಳನ್ನು ಕೂಡಿದರೆ ಮೇಲ್ಮುಖವಾಗಿ 500 ನ್ಯೂಟನ್ ಬರುತ್ತದೆಯೇ, ಕುಸಿತ ಕೈಲೆಕ್ಕದ ಆಸುಪಾಸಿನಲ್ಲಿದೆಯೇ. ಹಾಗೆಯೇ, ಸ್ಟ್ರೆಸ್ ಎಲ್ಲಾದರೂ 400 ಎಂದಿದ್ದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಈ ಲೆಕ್ಕ ಉಕ್ಕನ್ನು ಎಂದೂ ಮಣಿಯದ ಸ್ಪ್ರಿಂಗ್ ಎಂದು ಭಾವಿಸಿದೆ, 250 ದಾಟಿದ ಮೇಲಿನ ಅಂಕಿಗಳು ‘ಇಲ್ಲಿ ಮಣಿಯಿತು’ ಎನ್ನುವುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

230ನ್ನು 250ರ ಮುಂದಿಟ್ಟರೆ ಸುರಕ್ಷೆಯ ಅಂಶ 1.1ರ ಕೆಳಗೆ. ಥಟ್ಟನೆ ಕೈಬಿಟ್ಟರೆ ಬ್ರಾಕೆಟ್ ಸೊಟ್ಟಗಾಗುವುದು ಖಚಿತ. 50×6 ಈ ಕೆಲಸಕ್ಕೆ ಬೇಡ. ದಪ್ಪವನ್ನು ಎಂಟಕ್ಕೂ ಒಳಬಾಗನ್ನು ಎಂಟಕ್ಕೂ ಏರಿಸಿದರೆ ಅದೇ ಸೂತ್ರದಿಂದ ಬಾಗಿನ ಸ್ಟ್ರೆಸ್ ಸುಮಾರು 135ಕ್ಕೆ ಇಳಿಯುತ್ತದೆ, ಸುರಕ್ಷೆಯ ಅಂಶ 1.8 ದಾಟುತ್ತದೆ, ಕುಸಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹೆಚ್ಚಾಗುವ ಉಕ್ಕು ಒಂದು ಬ್ರಾಕೆಟ್ಟಿಗೆ ಸುಮಾರು 150 ಗ್ರಾಂ. ಒಮ್ಮೆಗೇ ಕೈಬಿಡುವ ಸಾಧ್ಯತೆ ಇದ್ದರೆ ಎಂಟು ಕೂಡ ಸಾಲದು, ಹತ್ತಕ್ಕೆ ಹೋಗಬೇಕು ಇಲ್ಲವೇ ಓರೆಯಾಗಿ ಒಂದು ಆಸರೆ ಪಟ್ಟಿ ಬೆಸುಗೆ ಹಾಕಬೇಕು. ಮೇಲೆ ಕೂರುವುದು ಮೋಟಾರಿನಂಥ ನಡುಗುವ ವಸ್ತುವಾದರೆ ಈ ಉತ್ತರವನ್ನೇ ಬದಿಗಿಟ್ಟು ಕಂಪನದ, ದಣಿವಿನ ಲೆಕ್ಕ ಬೇರೆ ಮಾಡಿಸಬೇಕು. ದಪ್ಪ ಎಷ್ಟೇ ಆದರೂ ಬೋಲ್ಟಿನ ಎಳೆತ ಇಳಿಯುವುದಿಲ್ಲ. ಎಂಟರ ಪಟ್ಟಿಯಲ್ಲಿ ಭಾರ ಗೋಡೆಯಿಂದ ನಾಲ್ಕು ಮಿಲಿಮೀಟರ್ ದೂರ ಸರಿದು ಅದು 1,450 ನ್ಯೂಟನ್ನಿಗೆ ಏರುತ್ತದೆ. ಗೋಡೆ ಟೊಳ್ಳು ಇಟ್ಟಿಗೆಯದಾದರೆ ಆ್ಯಂಕರ್ ಬೋಲ್ಟು ಅಷ್ಟು ಎಳೆತ ತಡೆಯುತ್ತದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಂಡೇ ಡ್ರಿಲ್ ಹಿಡಿಯಿರಿ.